ಪದಚರ್ಚೆ: ‘ಜಾಲಕ ಎಂಥಾಲ್ಪಿ’ ಅಂದ್ರೆ ಒಡೆಯೋದಾ, ಕಟ್ಟೋದಾ?

ವಿರಾಜಪೇಟೆ, ಪಿಯು ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ಕನ್ನಡ ಮಾಧ್ಯಮದಿಂದ ಬಂದ ಪ್ರಥಮ ಪಿಯು ಮಕ್ಕಳಿಗೆ ಟಿಪ್ಪಣಿ ಬರೆಯುತ್ತಿದ್ದೇನೆ. ಅಡುಗೆ ಉಪ್ಪಿನ ಜಾಲಕ ಎಂಥಾಲ್ಪಿ ಒಂದು ಪುಸ್ತಕದಲ್ಲಿ ಮೋಲ್‌ಗೆ +788 ಕಿಲೋಜೌಲ್, ಇನ್ನೊಂದರಲ್ಲಿ −788. ಎರಡೂ ಒಂದೇ ಹೆಸರು. ಹಾಗಾದ್ರೆ ಈ ಪದಕ್ಕೆ ಹರಳನ್ನು ಒಡೆಯುವ ಅರ್ಥವೋ, ಕಟ್ಟುವ ಅರ್ಥವೋ? ಮಕ್ಕಳು ಕೇಳಿದ್ರೆ ಏನು ಹೇಳಲಿ?

ಕುಶಾಲನಗರ

ಮೇಡಂ, ಮೈನಸ್ಸೇ ಸರಿ. ಹರಳು ಗಟ್ಟಿಯಾಗಿದೆ ಅಂದ್ರೆ ಕಟ್ಟುವಾಗ ಶಕ್ತಿ ಹೊರಗೆ ಹೋಗಿದೆ ಅಂತ ತಾನೇ? ಪ್ಲಸ್ ಅಂತ ಬರೆದವರು ಸುಮ್ನೆ ಚಿಹ್ನೆ ಬಿಟ್ಟಿದ್ದಾರೆ ಅಷ್ಟೆ. ಬೇಕಾದ್ರೆ ಚಿಹ್ನೆನೇ ಬಿಟ್ಟು 788 ಅಂತ ಬರೆಯಿರಿ, ಲೆಕ್ಕಕ್ಕೇನೂ ತೊಂದ್ರೆ ಇಲ್ಲ.

ಸೋಮವಾರಪೇಟೆ

ನನಗೆ ಈ ಪುಸ್ತಕದ ಲೆಕ್ಕ ಗೊತ್ತಿಲ್ಲ. ಆದ್ರೆ ಕಾಫಿ ಗಿಡಕ್ಕೆ ಹಾಕೋಕೆ ಪೊಟ್ಯಾಶ್ ನೀರಿಗೆ ಸುರಿದು ಕಲಕಿದ್ರೆ ಡ್ರಮ್ ಕೈ ಕೊರೆಯುವಷ್ಟು ತಣ್ಣಗಾಗುತ್ತೆ. ಅದೇನಾ ನೀವು ಹೇಳ್ತಿರೋ ಜಾಲಕದ ಶಕ್ತಿ?

ಮಡಿಕೇರಿ, ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ

ಮೇಡಂ, ನಿಮ್ಮ ಎರಡೂ ಪುಸ್ತಕ ಸರಿ. ಬಾಣ ಯಾವ ಕಡೆಗಿದೆ ನೋಡಿ. ಹರಳು ಒಡೆದು ಅನಿಲದ ಅಯಾನುಗಳಾದ್ರೆ +788, ಅದೇ ಅಯಾನುಗಳು ಸೇರಿ ಹರಳಾದ್ರೆ −788. ಪಿಯುಗೆ ಬಳಸುವ ಎನ್‌ಸಿಇಆರ್‌ಟಿ ಪುಸ್ತಕ ಒಡೆಯುವ ಕಡೆಯನ್ನೇ ಹಿಡಿದಿದೆ.

ಆದ್ರೆ ಕುಶಾಲನಗರದವರು ಹೇಳಿದ ಹಾಗೆ ಚಿಹ್ನೆ ಬಿಟ್ರೆ ಕೆಟ್ಟಿತು. ಈ ಸಂಖ್ಯೆಯನ್ನು ನೇರವಾಗಿ ಅಳೆಯೋದು ತುಂಬಾ ಕಷ್ಟ. ಉಪ್ಪನ್ನು ಕುದಿಸಿದ್ರೆ ಆವಿಯಲ್ಲಿ ಸಿಗೋದು ಮುಖ್ಯವಾಗಿ NaCl ಅಣುಗಳು, ಅವುಗಳ ಜೋಡಿಗಳು. ಬಿಡಿಬಿಡಿ Na⁺, Cl⁻ ಬರೋದಿಲ್ಲ. ಅದಕ್ಕೇ ಸುತ್ತುಬಳಸಿ ಹೋಗಬೇಕು, 1919ರಿಂದ ಬಾರ್ನ್-ಹೇಬರ್ ಚಕ್ರ ಅನ್ನುವ ದಾರಿ ಅದು.

ಉಪ್ಪಿನಿಂದಲೇ ಹೊರಡೋಣ. ಮೊದಲು ಅದನ್ನು ಸೋಡಿಯಂ ಲೋಹ, ಕ್ಲೋರಿನ್ ಅನಿಲ ಮಾಡೋಕೆ 411.2 ಕೊಡಬೇಕು. ಲೋಹದ ಉತ್ಪತನಕ್ಕೆ 108.4. ಒಂದು ಕ್ಲೋರಿನ್ ಪರಮಾಣು ಸಾಕಾದ್ದರಿಂದ Cl₂ ಬಂಧದ ಅರ್ಧ, ಅಂದ್ರೆ 121. ಸೋಡಿಯಂ ಪರಮಾಣುವಿನಿಂದ ಎಲೆಕ್ಟ್ರಾನ್ ಕೀಳೋಕೆ 496. ಇಷ್ಟೂ ಕೊಟ್ಟಿದ್ದು. ಕೊನೆಗೆ ಆ ಎಲೆಕ್ಟ್ರಾನನ್ನು ಕ್ಲೋರಿನ್ ಹಿಡಿದಾಗ 348.6 ವಾಪಸ್ ಬರುತ್ತೆ. ಕೂಡಿ ಕಳೆದ್ರೆ 788.0, ಪ್ಲಸ್ಸೇ.

ಮಕ್ಕಳು ಎಡವೋದು ಆ ಕೊನೆಯ ಹೆಜ್ಜೆಯಲ್ಲಿ. ಹಳೆಯ ಪುಸ್ತಕಗಳು ಎಲೆಕ್ಟ್ರಾನ್ ಅಫಿನಿಟಿ ಅಂತ +349 ಕೊಡುತ್ತವೆ, ಈಗಿನವು ಎಲೆಕ್ಟ್ರಾನ್ ಗಳಿಕೆ ಎಂಥಾಲ್ಪಿ ಅಂತ −349. ಮೊದಲನೆಯದನ್ನು ಹಾಗೇ ತಂದು ಕೂಡಿಸಿಬಿಟ್ರೆ 1,485 ಆಗುತ್ತೆ. ಪೇಪರ್ ತಿದ್ದುವಾಗ ಈ ಸಂಖ್ಯೆ ಎಷ್ಟು ಸಲ ಕಂಡಿದ್ದೇನೋ! ಲೆಕ್ಕ ತಪ್ಪಿದೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಕ್ಷಾರ ಲೋಹದ ಹ್ಯಾಲೈಡ್‌ಗಳಲ್ಲಿ ಅತಿ ಪುಟ್ಟ ಅಯಾನುಗಳ LiF, ಅದರದ್ದೇ ಅತಿ ಹೆಚ್ಚು, ಅದೂ ಸುಮಾರು 1,030. ಉಪ್ಪಿನದ್ದು ಅದನ್ನು ಮೀರೋದು ಹೇಗೆ? ಕ್ಲೋರಿನ್ ಬಂಧವನ್ನು ಅರ್ಧ ಮಾಡದೆ 242 ಇಟ್ಟವರಿಗೆ 909 ಬರುತ್ತೆ. ಅದು ಇಷ್ಟು ಎದ್ದು ಕಾಣಲ್ಲ, ಹಾಗಾಗಿ ಜಾಸ್ತಿ ಅಪಾಯ. ಅಯಾನುಗಳ ನಡುವಿನ ದೂರ 282 ಪಿಕೋಮೀಟರ್ ಇಟ್ಟುಕೊಂಡು ಬರೀ ಆಕರ್ಷಣೆ-ವಿಕರ್ಷಣೆಯಿಂದ ಲೆಕ್ಕ ಹಾಕಿದ್ರೆ ಸುಮಾರು 750 ಸಿಗುತ್ತೆ. 909 ಅದರಿಂದ ತೀರಾ ದೂರ.

ಸೋಮವಾರಪೇಟೆಯವರೇ, ನಿಮ್ಮ ಡ್ರಮ್ ತಣ್ಣಗಾಗೋದಕ್ಕೆ ಜಾಲಕ ಅರ್ಧ ಕಾರಣ ಮಾತ್ರ. ಪೊಟ್ಯಾಶ್ ಅಂದ್ರೆ KCl. ಅದರ ಹರಳು ಬಿಡಿಸೋಕೆ 700ಕ್ಕೂ ಮೇಲೆ ಬೇಕು, ಆದ್ರೆ ನೀರು ಅಯಾನುಗಳನ್ನು ಸುತ್ತುಗಟ್ಟಿ ಹೆಚ್ಚುಕಡಿಮೆ ಅಷ್ಟನ್ನೂ ತೀರಿಸುತ್ತೆ. ಕೊರತೆ ಬೀಳೋದು ಮೋಲ್‌ಗೆ 17 ಕಿಲೋಜೌಲ್. ಅದನ್ನು ನೀರು ತನ್ನ ಬಿಸಿಯಿಂದ ಕೊಡುತ್ತೆ, ನಿಮ್ಮ ಕೈ ಕೊರೆಯೋದು ಅದಕ್ಕೇ.

ಸೋಮವಾರಪೇಟೆ

ಓಹೋ! ಯೂರಿಯಾ ಹಾಕಿದ್ರೂ ತಣ್ಣಗಾಗುತ್ತಲ್ಲ ಸರ್, ಅದರಲ್ಲೂ ಅಯಾನು ಇದೆಯಾ?

ಮಡಿಕೇರಿ

ಇಲ್ಲ, ಯೂರಿಯಾ ಹರಳಿನಲ್ಲಿ ಇರೋದು ಅಣುಗಳು. ಅದಕ್ಕೆ ಈ ಚಕ್ರ ಹೊಂದಲ್ಲ.

ವಿರಾಜಪೇಟೆ

ಧನ್ಯವಾದ ಸರ್. ಹಾಗಾದ್ರೆ ಟಿಪ್ಪಣಿಯಲ್ಲಿ ‘ಜಾಲಕ ಒಡೆಯುವ ಎಂಥಾಲ್ಪಿ’ ಅಂತಲೇ ಬರೆದು ಪಕ್ಕದಲ್ಲಿ ಬಾಣದ ಸಮೀಕರಣ ಹಾಕುತ್ತೇನೆ.

ಕುಶಾಲನಗರ

ಒಪ್ಪಿದೆ, ಚಿಹ್ನೆ ಬಿಡಬಾರದು. ಆದ್ರೆ ಮೇಡಂ, ಪರೀಕ್ಷೆಯಲ್ಲಿ ಬರೀ ‘ಜಾಲಕ ಎಂಥಾಲ್ಪಿ’ ಅಂತ ಕೇಳ್ತಾರೆ, ‘ಒಡೆಯುವ’ ಅಂತ ಇರಲ್ಲ. ಮಗು −788 ಬರೆದು ಬಾಣವನ್ನೂ ಹಾಗೇ ತಿರುಗಿಸಿದ್ರೆ ಅಂಕ ಕೊಡ್ತೀರಾ?

ವಿರಾಜಪೇಟೆ

ನಾನು ಕೊಡ್ತೇನೆ. ಬೇರೆ ಕಾಲೇಜಿನವರು ತಿದ್ದಿದ್ರೆ ಏನೋ ಗೊತ್ತಿಲ್ಲ. ಮೌಲ್ಯಮಾಪನಕ್ಕೆ ಹೋದವರು ಯಾರಾದ್ರೂ ಇದ್ರೆ ಹೇಳಿ.