ಅಗಸ್ಟಸ್ ತೀರಿಕೊಂಡಾಗ ವಯಸ್ಸು 77, 76 ಅಥವಾ 75?

ಪ್ರಶ್ನೆ

ವಿದ್ಯಾರ್ಥಿಗಳಿಗಾಗಿ ಪ್ರಾಚೀನ ರೋಮಿನ ಕಾಲರೇಖೆಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಚಕ್ರವರ್ತಿ ಅಗಸ್ಟಸ್ ಹುಟ್ಟಿದ್ದು ಕ್ರಿ.ಪೂ. 63ರ ಸೆಪ್ಟೆಂಬರ್ 23ರಂದು, ತೀರಿಕೊಂಡದ್ದು ಕ್ರಿ.ಶ. 14ರ ಆಗಸ್ಟ್ 19ರಂದು. 63ಕ್ಕೆ 14 ಕೂಡಿಸಿದರೆ 77 ಬರುತ್ತದೆ. ಒಂದು ಪುಸ್ತಕದಲ್ಲಿ 75 ಎಂದಿದೆ, ಇನ್ನೊಂದರಲ್ಲಿ 76ನೇ ವರ್ಷದಲ್ಲಿ ಎಂದಿದೆ. ಸೊನ್ನೆ ವರ್ಷ ಇಲ್ಲದಿರುವುದೇ ಇದಕ್ಕೆ ಕಾರಣವೆಂದು ಕೇಳಿದ್ದೇನೆ. ಅದು ಏಕೆ ಇಲ್ಲ, ಮತ್ತು ನಾನು ಯಾವ ಸಂಖ್ಯೆ ಬರೆಯಬೇಕು?

ಉತ್ತರ: ಪ್ರಾಚೀನ ಇತಿಹಾಸದ ನಿವೃತ್ತ ಪ್ರಾಧ್ಯಾಪಕಿ

75 ಎಂದು ಬರೆಯಿರಿ. ನಿಮ್ಮ ಎರಡೂ ಪುಸ್ತಕಗಳು ಸರಿಯಾಗಿಯೇ ಇವೆ; ತಪ್ಪಿರುವುದು 77 ಮಾತ್ರ.

ಸೂತ್ರವನ್ನು ಆಮೇಲೆ ನೋಡೋಣ, ಮೊದಲು ಹುಟ್ಟುಹಬ್ಬಗಳನ್ನು ಎಣಿಸಿ. ಕ್ರಿ.ಪೂ. 62ರ ಸೆಪ್ಟೆಂಬರಿನಲ್ಲಿ ಮಗುವಿಗೆ ಒಂದು ವರ್ಷ ತುಂಬಿತು, ಕ್ರಿ.ಪೂ. 61ರಲ್ಲಿ ಎರಡು. ಹೀಗೆಯೇ ಇಳಿಯುತ್ತ ಬಂದರೆ ಕ್ರಿ.ಪೂ. 1ರ ಸೆಪ್ಟೆಂಬರಿನಲ್ಲಿ 62 ತುಂಬುತ್ತದೆ. ಆ ವರ್ಷದ ಡಿಸೆಂಬರ್ 31ರ ಮರುದಿನವೇ ಕ್ರಿ.ಶ. 1ರ ಜನವರಿ 1. ನಡುವೆ ಇನ್ನೊಂದು ವರ್ಷವಿಲ್ಲ. ಆದ್ದರಿಂದ ಮುಂದಿನ ಹುಟ್ಟುಹಬ್ಬ ಬೀಳುವುದು ಕ್ರಿ.ಶ. 1ರಲ್ಲಿ, ಆಗ ತುಂಬಿದ್ದು 63. ಅಲ್ಲಿಂದ ಹನ್ನೆರಡು ವರ್ಷ ಮುಂದೆ, ಕ್ರಿ.ಶ. 13ರಲ್ಲಿ 75 ತುಂಬಿತು. ಕ್ರಿ.ಶ. 14ರ ಆಗಸ್ಟ್ 19ರಂದು ಅವನು ತೀರಿಕೊಂಡಾಗ 75 ತುಂಬಿ 76 ನಡೆಯುತ್ತಿತ್ತು. ನಿಮ್ಮ ಎರಡನೆಯ ಪುಸ್ತಕ ಹೇಳುವುದೂ ಇದನ್ನೇ. 76 ತುಂಬಲು 35 ದಿನ ಬಾಕಿಯಿತ್ತೆಂದು ರೋಮಿನ ಚರಿತ್ರಕಾರ ಸ್ವೆಟೋನಿಯಸ್ ಬರೆದಿದ್ದಾನೆ. ಆಗಸ್ಟ್ 19ರಿಂದ ಸೆಪ್ಟೆಂಬರ್ 23ಕ್ಕೆ ಎಣಿಸಿ ನೋಡಿ, ಸರಿಯಾಗಿ 35 ದಿನವೇ ಸಿಗುತ್ತದೆ. ಸ್ವೆಟೋನಿಯಸ್ ಬದುಕಿದ್ದಾಗ ಕ್ರಿ.ಪೂ., ಕ್ರಿ.ಶ. ಎಂಬ ಎಣಿಕೆಯೇ ಹುಟ್ಟಿರಲಿಲ್ಲವಾದ್ದರಿಂದ, ನಮ್ಮ ಲೆಕ್ಕವನ್ನು ಹೊರಗಿನಿಂದ ಪರೀಕ್ಷಿಸಲು ಅವನ ಮಾತಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಸೂತ್ರದ ರೂಪದಲ್ಲಿ ಹೇಳುವುದಾದರೆ, ಎರಡು ವರ್ಷಗಳನ್ನು ಕೂಡಿಸಿ ಒಂದನ್ನು ಕಳೆಯಬೇಕು: 63 + 14 − 1 = 76. ಇದು ಆ ವರ್ಷದ ಹುಟ್ಟುಹಬ್ಬದಂದು ತುಂಬುವ ವಯಸ್ಸು. ಹುಟ್ಟುಹಬ್ಬಕ್ಕೆ ಮೊದಲೇ ಸಾವು ಬಂದಿದ್ದರೆ ಇನ್ನೊಂದನ್ನು ಕಳೆಯಬೇಕು. ಸೊನ್ನೆ ವರ್ಷ ಇಲ್ಲದಿರುವುದರಿಂದ ಹೋಗುವುದು ಮೊದಲಿನ ಒಂದು ಮಾತ್ರ. ಎರಡನೆಯದು ನಿಮ್ಮ ವಯಸ್ಸನ್ನೋ ನನ್ನ ವಯಸ್ಸನ್ನೋ ಲೆಕ್ಕ ಹಾಕುವಾಗಲೂ ಬರುವಂಥದ್ದು.

ಒಬ್ಬ ಸದಸ್ಯರು

ಮೇಡಂ, ಕಾರಣ ಇನ್ನೂ ಸರಳವಾಗಿದೆ ಎಂದುಕೊಂಡಿದ್ದೇನೆ. ಆಗಿನ ಯುರೋಪಿಗೆ ಸೊನ್ನೆಯೇ ಗೊತ್ತಿರಲಿಲ್ಲ, ಆದ್ದರಿಂದ ಸೊನ್ನೆ ವರ್ಷವನ್ನೂ ಇಡಲಿಲ್ಲ. ಕ್ರಿಸ್ತಪೂರ್ವದಲ್ಲಿ ಹುಟ್ಟಿದ ಯಾರೇ ಆಗಲಿ, ಅವರ ವಯಸ್ಸಿನಿಂದ ಒಂದನ್ನು ಕಳೆದರೆ ಲೆಕ್ಕ ಮುಗಿಯುತ್ತದೆ.

ಪ್ರಾಧ್ಯಾಪಕಿ

ತಮ್ಮ ಮಾತಿನ ಮೊದಲ ಭಾಗ ಅರ್ಧ ಸರಿ. ಸೊನ್ನೆಯನ್ನು ಅಂಕಿಯಾಗಿ ಬಳಸಿ ಲೆಕ್ಕ ಮಾಡುವ ಪದ್ಧತಿ ಅಲ್ಲಿ ಇರಲಿಲ್ಲ ಎಂಬುದು ನಿಜ. ಆದರೆ ಕ್ರಿ.ಶ. 525ರಲ್ಲಿ ಈ ಎಣಿಕೆಯನ್ನು ಹಾಕಿಕೊಟ್ಟ ಸನ್ಯಾಸಿ ಡಯೋನೀಷಿಯಸ್ ಎಕ್ಸಿಗೂಸ್ ತನ್ನ ಈಸ್ಟರ್ ಕೋಷ್ಟಕದಲ್ಲಿ ಚಂದ್ರನ ವಯಸ್ಸಿನ ಅಂಕಣದೊಳಗೆ 'ಏನೂ ಇಲ್ಲ' ಎಂಬರ್ಥದ ಲ್ಯಾಟಿನ್ ಪದವನ್ನು ಬರೆದಿದ್ದಾನೆ. ಇಲ್ಲದಿರುವುದನ್ನು ಗುರುತಿಸಲು ಅವನಿಗೆ ಬರುತ್ತಿತ್ತು. ಅದನ್ನು ವರ್ಷಗಳ ಎಣಿಕೆಗೆ ತರಲು ಅವನಿಗೆ ಯಾವ ಕಾರಣವೂ ಇರಲಿಲ್ಲ.

ಅವನ ಮುಂದಿದ್ದ ಕೆಲಸ ಮುಂದಿನ ಈಸ್ಟರ್‌ಗಳ ದಿನಾಂಕ ಕಂಡುಹಿಡಿಯುವುದು. ಹಿಂದಿನ ಕೋಷ್ಟಕಗಳು ಚಕ್ರವರ್ತಿ ಡಯೋಕ್ಲೀಷಿಯನ್ನನ ಆಳ್ವಿಕೆಯಿಂದ ವರ್ಷಗಳನ್ನು ಎಣಿಸುತ್ತಿದ್ದವು. ಕ್ರೈಸ್ತರನ್ನು ಹಿಂಸಿಸಿದ ಅವನ ಹೆಸರು ಉಳಿಯುವುದು ಬೇಡವೆಂದು ಡಯೋನೀಷಿಯಸ್ ಕ್ರಿಸ್ತನ ಅವತಾರದಿಂದ ಎಣಿಸಿದನು. ರಾಜನೊಬ್ಬ ಪಟ್ಟವೇರಿದ ಕೂಡಲೇ ಆಳ್ವಿಕೆಯ ಮೊದಲನೆಯ ವರ್ಷ ನಡೆಯುತ್ತದೆಯೇ ಹೊರತು ಸೊನ್ನೆಯ ವರ್ಷವಲ್ಲ. ಇಲ್ಲಿಯೂ ಅದೇ ರೀತಿ. ಇನ್ನು ಕ್ರಿಸ್ತಪೂರ್ವದ ವರ್ಷಗಳಿಗೆ ಅವನು ಸಂಖ್ಯೆಯನ್ನೇ ಕೊಡಲಿಲ್ಲ, ಈಸ್ಟರ್ ಲೆಕ್ಕಕ್ಕೆ ಅವು ಬೇಕಿರಲಿಲ್ಲ. ಇಂಗ್ಲೆಂಡಿನ ಸನ್ಯಾಸಿ ಬೀಡ್ ಕ್ರಿ.ಶ. 731ರಲ್ಲಿ ಮುಗಿಸಿದ ಚರಿತ್ರೆಯಲ್ಲಿ ಸೀಸರ್ ಬ್ರಿಟನ್ನಿಗೆ ಬಂದ ಕಾಲವನ್ನು ಅವತಾರಕ್ಕೆ ಮೊದಲಿನ ಅರವತ್ತನೆಯ ವರ್ಷವೆಂದು ಹೇಳಿ, ಅದೇ ಕ್ರಮಸಂಖ್ಯೆಯನ್ನು ಹಿಂದಕ್ಕೆ ತಿರುಗಿಸಿದನು. ಮೊದಲನೆಯ ವರ್ಷದಿಂದ ಎರಡೂ ಕಡೆಗೆ ಎಣಿಸಿದಾಗ ನಡುವೆ ಸೊನ್ನೆಗೆ ಜಾಗವೇ ಉಳಿಯಲಿಲ್ಲ.

ತಮ್ಮ ಎರಡನೆಯ ಮಾತನ್ನು ಮಾತ್ರ ಒಪ್ಪಲಾಗದು. ಜೂಲಿಯಸ್ ಸೀಸರ್ ಹುಟ್ಟಿದ್ದು ಕ್ರಿ.ಪೂ. 100ರ ಜುಲೈನಲ್ಲಿ, ಕೊಲೆಯಾದದ್ದು ಕ್ರಿ.ಪೂ. 44ರ ಮಾರ್ಚ್ 15ರಂದು. 100ರಿಂದ 44 ಕಳೆದರೆ 56, ಹುಟ್ಟುಹಬ್ಬ ಬಂದಿರಲಿಲ್ಲವಾದ್ದರಿಂದ 55. ಹುಟ್ಟು ಸಾವುಗಳೆರಡೂ ಗಡಿಯ ಒಂದೇ ಕಡೆ ಇರುವುದರಿಂದ ಇಲ್ಲಿ ಸೊನ್ನೆ ವರ್ಷದ ಪ್ರಶ್ನೆಯೇ ಏಳುವುದಿಲ್ಲ. ತಮ್ಮ ನಿಯಮವನ್ನು ಅನ್ವಯಿಸಿದರೆ ಸೀಸರನ ಆಯುಷ್ಯದಲ್ಲಿ ಸುಮ್ಮನೆ ಒಂದು ವರ್ಷ ಕಡಿಮೆಯಾಗುತ್ತದೆ.

ಇನ್ನೊಬ್ಬ ಸದಸ್ಯರು (ಹವ್ಯಾಸಿ ಖಗೋಳವೀಕ್ಷಕ)

ಇಷ್ಟೆಲ್ಲ ತೊಂದರೆ ಏಕೆ? ಕ್ರಿ.ಪೂ. ವರ್ಷಗಳನ್ನು ಋಣಸಂಖ್ಯೆಯಾಗಿ ಬರೆದು ಕಳೆದರಾಯಿತು. ನನ್ನ ಸ್ಪ್ರೆಡ್‌ಶೀಟಿನಲ್ಲಿ ನಾನು ಹೀಗೆಯೇ ಮಾಡುತ್ತೇನೆ.

ಪ್ರಾಧ್ಯಾಪಕಿ

ಸರ್, ಕ್ರಿ.ಪೂ. 63ನ್ನು −63 ಎಂದು ಬರೆದರೆ 14 − (−63) ಮತ್ತೆ 77ನ್ನೇ ಕೊಡುತ್ತದೆ, ಏಕೆಂದರೆ ಸಂಖ್ಯಾರೇಖೆಯಲ್ಲಿ ಸೊನ್ನೆ ಇದೆ, ಚರಿತ್ರೆಯ ವರ್ಷಗಳಲ್ಲಿ ಇಲ್ಲ. ಖಗೋಳಶಾಸ್ತ್ರಜ್ಞರ ಋಣವರ್ಷಗಳು ಬೇರೆಯವು. ಫ್ರೆಂಚ್ ಖಗೋಳಶಾಸ್ತ್ರಜ್ಞ ಜಾಕ್ ಕಸಿನಿ 1740ರಲ್ಲಿ ಪ್ರಕಟಿಸಿದ ಕೋಷ್ಟಕಗಳಲ್ಲಿ ಕ್ರಿ.ಪೂ. 1ನ್ನೇ 0 ಎಂದು ಇಟ್ಟುಕೊಂಡನು. ಆ ಪ್ರಕಾರ ಕ್ರಿ.ಪೂ. 2 ಎಂದರೆ −1, ಕ್ರಿ.ಪೂ. 63 ಎಂದರೆ −62; ಆಗ 14 − (−62) = 76 ಸರಿಯಾಗಿಯೇ ಬರುತ್ತದೆ. ಥೇಲ್ಸನ ಹೆಸರಿನೊಂದಿಗೆ ತಳಕು ಹಾಕಿಕೊಂಡಿರುವ ಕ್ರಿ.ಪೂ. 585ರ ಮೇ 28ರ ಸೂರ್ಯಗ್ರಹಣವನ್ನು ಗ್ರಹಣಪಟ್ಟಿಗಳಲ್ಲಿ −584ರ ಕೆಳಗೆ ಹುಡುಕಬೇಕಾಗುವುದು ಇದೇ ಕಾರಣಕ್ಕೆ. ತಮ್ಮ ಹಾಳೆಯಲ್ಲಿ ಈಗಾಗಲೇ −63 ಎಂದು ತುಂಬಿಸಿದ್ದರೆ, ಹುಟ್ಟು B2ರಲ್ಲಿ ಮತ್ತು ಸಾವು C2ರಲ್ಲಿ ಇರುವಾಗ ಹೀಗೆ ಬರೆಯಬಹುದು:

```
=IF(AND(B2<0,C2>0),C2-B2-1,C2-B2)
```

ಇದು ಸೀಸರನ ಸಾಲಿಗೆ 56ನ್ನೂ ಅಗಸ್ಟಸನ ಸಾಲಿಗೆ 76ನ್ನೂ ಕೊಡುತ್ತದೆ. ಹುಟ್ಟುಹಬ್ಬ ಬಂದಿತ್ತೋ ಇಲ್ಲವೋ ಎಂಬುದನ್ನು ತಾವೇ ನೋಡಬೇಕು. ಒಂದೇ ಹಾಳೆಯಲ್ಲಿ ಕೆಲವು ಸಾಲುಗಳು ಚರಿತ್ರೆಯ ಪುಸ್ತಕದಿಂದಲೂ ಕೆಲವು ಖಗೋಳ ಕೋಷ್ಟಕದಿಂದಲೂ ಬಂದಿದ್ದರೆ ಯಾವ ಸೂತ್ರವೂ ಕಾಪಾಡಲಾರದು. ಗೊತ್ತಿರುವ ಒಂದು ಘಟನೆಯನ್ನು ಹುಡುಕಿ, ಅದು ಒಂದು ವರ್ಷ ಜರುಗಿದೆಯೇ ಎಂದು ನೋಡಿಕೊಳ್ಳುವುದೊಂದೇ ದಾರಿ.

ಮತ್ತೊಬ್ಬ ಸದಸ್ಯರು

ಏಸು ಹುಟ್ಟಿದ್ದು ಕ್ರಿ.ಪೂ. 4ಕ್ಕೂ ಮೊದಲು ಎನ್ನುತ್ತಾರಲ್ಲ, ಅದೂ ಈ ಸೊನ್ನೆ ವರ್ಷ ಬಿಟ್ಟುಹೋದದ್ದರಿಂದಲೇ?

ಪ್ರಾಧ್ಯಾಪಕಿ

ಅಲ್ಲ, ಅದು ಬೇರೆಯ ವಿಷಯ. ಸೊನ್ನೆಯಿಂದ ಬರುವ ವ್ಯತ್ಯಾಸ ಒಂದೇ ಒಂದು ವರ್ಷ. ಏಸು ಹೆರೋದನ ಕಾಲದಲ್ಲಿ ಹುಟ್ಟಿದನೆಂದು ಸುವಾರ್ತೆ ಹೇಳುತ್ತದೆ, ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ ಎಂದು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಹಾಗಾದರೆ ಡಯೋನೀಷಿಯಸ್ ಆರಂಭದ ವರ್ಷವನ್ನೇ ತಡವಾಗಿ ಗುರುತಿಸಿದ್ದನೆಂದು ಅರ್ಥ.

ವರ್ಜಿಲ್ ಓದುಗರೊಬ್ಬರು

ನನ್ನ ಕೈಯಲ್ಲಿರುವ ಹಳೆಯ ಲೇಖನವೊಂದು ವರ್ಜಿಲ್ ಕವಿಯ ಎರಡು ಸಾವಿರದ ಜನ್ಮವರ್ಷವನ್ನು 1930ರಲ್ಲಿ ಆಚರಿಸಿದ ಬಗ್ಗೆ ಹೇಳುತ್ತದೆ. ಅವನು ಹುಟ್ಟಿದ್ದು ಕ್ರಿ.ಪೂ. 70ರ ಅಕ್ಟೋಬರ್ 15ರಂದು. ಮೇಲಿನ ಲೆಕ್ಕದಂತೆ 70 + 1930 − 1 ಎಂದರೆ 1999 ಮಾತ್ರ ಆಗುತ್ತದೆಯಲ್ಲ?

ಪ್ರಾಧ್ಯಾಪಕಿ

ಹೌದು, ಎರಡು ಸಾವಿರ ತುಂಬಿದ್ದು 1931ರ ಅಕ್ಟೋಬರಿನಲ್ಲಿ. 1930ರಲ್ಲಿ ಆಚರಿಸಿದ್ದು ನಿಜ, ಅದು ಒಂದು ವರ್ಷ ಮುಂಚೆಯೇ ಆಯಿತು. ಎರಡು ಸಾವಿರನೆಯ ವರ್ಷ ಆಗ ಆರಂಭವಾಯಿತೆಂದು ಬೇಕಿದ್ದರೆ ಸಮರ್ಥಿಸಿಕೊಳ್ಳಬಹುದು, ಆದರೆ ನನಗೆ ಅದು ಕೂಡಿಸುವಾಗ ಆದ ಎಡವಟ್ಟೆಂದೇ ತೋರುತ್ತದೆ. ಅಗಸ್ಟಸನ ಎರಡು ಸಾವಿರ ತುಂಬಿದ್ದು 1938ರ ಸೆಪ್ಟೆಂಬರಿನಲ್ಲಿ. ರೋಮಿನಲ್ಲಿ ಆ ನೆಪದಲ್ಲಿ ನಡೆದ ದೊಡ್ಡ ಪ್ರದರ್ಶನ 1937ರ ಸೆಪ್ಟೆಂಬರ್ 23ರಂದು ಆರಂಭವಾಗಿ ಮರುವರ್ಷದವರೆಗೆ ನಡೆದದ್ದರಿಂದ ಯಾವ ಕಡೆಯಿಂದ ಎಣಿಸಿದರೂ ತಪ್ಪುವಂತಿರಲಿಲ್ಲ.

ಲ್ಯಾಟಿನ್ ಅಧ್ಯಾಪಕರೊಬ್ಬರು

ಮೇಡಂ, ಒಂದು ಆಕ್ಷೇಪ. ಅಗಸ್ಟಸ್ ಹುಟ್ಟಿದ್ದು ಅಕ್ಟೋಬರ್ ಒಂದನ್ನೂ ಸೇರಿಸಿ ಹಿಂದಕ್ಕೆ ಎಣಿಸಿದ ಒಂಬತ್ತನೆಯ ದಿನ ಎಂದಷ್ಟೇ ಮೂಲದಲ್ಲಿದೆ. ಸೀಸರನ ಪಂಚಾಂಗ ಸುಧಾರಣೆಗೆ ಮುನ್ನ ಸೆಪ್ಟೆಂಬರಿಗೆ 29 ದಿನಗಳಿದ್ದವು. ಆ ದಿನವನ್ನು ಸೆಪ್ಟೆಂಬರ್ 22 ಎನ್ನಬೇಕಲ್ಲವೇ? ಅದರ ಮೇಲೆ ಸುಧಾರಣೆಯ ವರ್ಷವಾದ ಕ್ರಿ.ಪೂ. 46ಕ್ಕೆ 445 ದಿನಗಳಿದ್ದವು. ಅಂಥ ವರ್ಷವನ್ನೂ ಒಂದೇ ವರ್ಷವೆಂದು ಎಣಿಸಿದ ವಯಸ್ಸು ನಿಜವಾದ ವಯಸ್ಸೇ?

ಪ್ರಾಧ್ಯಾಪಕಿ

ಆಕ್ಷೇಪ ನ್ಯಾಯವಾದದ್ದೇ. ಹುಟ್ಟಿದಾಗಿನ ಪಂಚಾಂಗದಂತೆ 22, ಸುಧಾರಣೆಯ ನಂತರದ ಪಂಚಾಂಗದಂತೆ 23. ಸ್ವೆಟೋನಿಯಸ್‌ನ 35 ದಿನಗಳು ಎರಡನೆಯದಕ್ಕೆ ಹೊಂದುತ್ತವೆ, ಆದರೆ ಅವನು ಹೊಸ ಪಂಚಾಂಗದಲ್ಲೇ ಬದುಕಿದವನಾದ್ದರಿಂದ ಅದು ನಿರ್ಣಾಯಕ ಸಾಕ್ಷಿಯಲ್ಲ. ತುಂಬಿದ ವರ್ಷಗಳ ಎಣಿಕೆ ಮಾತ್ರ ಯಾವ ದಿನ ಹಿಡಿದರೂ 75 ಆಗಿಯೇ ಉಳಿಯುತ್ತದೆ. ಬದುಕಿದ ದಿನಗಳನ್ನು ಎಣಿಸಲು ಹೊರಟರೆ ಉತ್ತರ ಬೇರೆಯಾದೀತು. ಕಾಲರೇಖೆಗೆ ಅದು ಬೇಕಿಲ್ಲ ಎಂದು ನನ್ನ ಅಭಿಪ್ರಾಯ, ತಾವು ಒಪ್ಪಲಿಕ್ಕಿಲ್ಲ.

ಪ್ರಶ್ನೆ ಕೇಳಿದವರು

75 ಎಂದು ಬರೆದುಕೊಂಡೆ, ಧನ್ಯವಾದಗಳು. ಪಟ್ಟಿಯಲ್ಲಿ ಮುಂದಿನ ಹೆಸರು ಓವಿಡ್. ಹುಟ್ಟಿದ್ದು ಕ್ರಿ.ಪೂ. 43ರ ಮಾರ್ಚ್ 20ರಂದು, ತೀರಿಕೊಂಡದ್ದು ಕ್ರಿ.ಶ. 17 ಅಥವಾ 18 ಎಂದಿದೆ. 59 ಎನ್ನಲೇ, 60 ಎನ್ನಲೇ?

ಪ್ರಾಧ್ಯಾಪಕಿ

43 + 17 − 1 ಎಂದರೆ 59, 18 ಹಿಡಿದರೆ 60. ಸತ್ತ ದಿನ ಮಾರ್ಚ್ 20ಕ್ಕೆ ಮೊದಲೋ ನಂತರವೋ ಎಂಬುದಕ್ಕೆ ಆಧಾರವಿಲ್ಲದ್ದರಿಂದ 58 ಕೂಡ ಸಾಧ್ಯ. ಒಂದೇ ಸಂಖ್ಯೆ ಬರೆಯಬೇಡಿ, 'ಸುಮಾರು 59' ಎಂದು ಬರೆಯಿರಿ.

ಲ್ಯಾಟಿನ್ ಅಧ್ಯಾಪಕರು

ನಾನಾಗಿದ್ದರೆ '58ರಿಂದ 60' ಎಂದೇ ಬರೆಯುತ್ತಿದ್ದೆ. 'ಸುಮಾರು' ಎಂದರೆ ಎಷ್ಟು ಹಿಂದುಮುಂದು ಎಂಬುದು ಓದುವ ವಿದ್ಯಾರ್ಥಿಗೆ ತಿಳಿಯುವುದಿಲ್ಲ.