409ಕ್ಕೆ ಮುಗಿದರೂ ಪರ್ಸೆಂಟ್ ಬಿ ಒಂದನ್ನು ದಾಟಲಿಲ್ಲ ಯಾಕೆ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ): ಮೇಡಂ, ನಾನು ನೋಡುತ್ತಿರುವ ಒಂದು ಷೇರು ನಿನ್ನೆ 399ಕ್ಕೆ ಮುಗಿದಿತ್ತು. ಚಾರ್ಟಿನಲ್ಲಿ ಬೊಲಿಂಜರ್ ಬ್ಯಾಂಡ್ ಹಾಕಿದ್ದೇನೆ: ಮಧ್ಯದ ಗೆರೆ 400, ಮೇಲಿನ ಬ್ಯಾಂಡ್ 408, ಕೆಳಗಿನದು 392. ಪರ್ಸೆಂಟ್ ಬಿ 0.44, ಬ್ಯಾಂಡ್‌ವಿಡ್ತ್ 4. ಇವತ್ತು 409ಕ್ಕೆ ಮುಗಿಯಿತು. 408 ದಾಟಿತಲ್ಲ, ಪರ್ಸೆಂಟ್ ಬಿ 1ಕ್ಕಿಂತ ಜಾಸ್ತಿ ಬರಬೇಕಿತ್ತು. ಆದರೆ 0.98 ತೋರಿಸುತ್ತಿದೆ. ಆ್ಯಪ್ ತಪ್ಪಾ? ಸೆಟ್ಟಿಂಗ್ 20 ಮತ್ತು 2, ಏನೂ ಬದಲಿಸಿಲ್ಲ.

ಹರಿಹರದಿಂದ ಒಬ್ಬರು: ಆ್ಯಪ್‌ದೇ ತಪ್ಪು ಅಣ್ಣಾ. ಕೆಲವು ಆ್ಯಪ್‌ಗಳು ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆಯುವಾಗ 20ರಿಂದ ಭಾಗಿಸುವ ಬದಲು 19ರಿಂದ ಭಾಗಿಸುತ್ತವೆ. ಅದಕ್ಕೆ ಬ್ಯಾಂಡ್ ಅಗಲವಾಗಿ ನಂಬರ್ ಕಡಿಮೆ ಬರುತ್ತದೆ.

ಜಗಳೂರಿನಿಂದ ಒಬ್ಬರು: 0.98 ಅಂದರೆ ನಾಳೆ ಏರುವ ಚಾನ್ಸ್ ಶೇ 98 ಅಂತ ತಾನೆ? ಹಾಗಿದ್ದರೆ ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ, ತಗೊಳ್ಳಿ.

ಉತ್ತರ (ಬ್ರೋಕಿಂಗ್ ಕಚೇರಿಯಲ್ಲಿ ಚಾರ್ಟ್ ನೋಡುವವರು, ದಾವಣಗೆರೆ): ಆ್ಯಪ್ ಸರಿ ಇದೆ. ಮಧ್ಯದ ಗೆರೆ ಅಂದರೆ ಕೊನೆಯ 20 ದಿನದ ಮುಕ್ತಾಯ ಬೆಲೆಗಳ ಸರಾಸರಿ. ಆ ಬೆಲೆಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ ಸ್ಟ್ಯಾಂಡರ್ಡ್ ಡೀವಿಯೇಶನ್. ಅದರ 2 ಪಟ್ಟು ಮೇಲೆ ಒಂದು ಬ್ಯಾಂಡ್, ಕೆಳಗೆ ಒಂದು ಬ್ಯಾಂಡ್. ಪರ್ಸೆಂಟ್ ಬಿ, ಬ್ಯಾಂಡ್‌ವಿಡ್ತ್ ಎರಡರ ಸೂತ್ರ ಇಷ್ಟೇ:

```
%b = (close - lower) / (upper - lower)
BandWidth = (upper - lower) / middle * 100
```

ಇವತ್ತಿನ 409ನ್ನು ನೀವು ನಿನ್ನೆಯ 408ಕ್ಕೆ ಹೋಲಿಸಿದ್ದೀರಿ. ಆ್ಯಪ್ ಇವತ್ತಿನ ಬ್ಯಾಂಡ್‌ಗೆ ಹೋಲಿಸಿದೆ. ಇವತ್ತಿನ ಬ್ಯಾಂಡ್ ಮಾಡಿದ 20 ಬೆಲೆಗಳಲ್ಲಿ 409 ಕೂಡ ಒಂದು. ಅಳೆಯಬೇಕಾದ ಬೆಲೆ ಅಳತೆ ಕೋಲಿನೊಳಗೇ ಕೂತಿದೆ. ಅದು ಮೇಲೆ ಹೋದಾಗ ಕೋಲನ್ನೂ ಸ್ವಲ್ಪ ಎಳೆದುಕೊಂಡು ಹೋಗುತ್ತದೆ.

ಲೆಕ್ಕ ಹಾಕಿ ನೋಡೋಣ. ಇವತ್ತು ಪಟ್ಟಿಯಿಂದ ಬಿಟ್ಟುಹೋದ ಹಳೇ ಬೆಲೆ 398 ಅಂದುಕೊಳ್ಳಿ. ಆಗ ಮಧ್ಯದ ಗೆರೆ 400ರಿಂದ 400.55ಕ್ಕೆ ಬರುತ್ತದೆ. ಸ್ಟ್ಯಾಂಡರ್ಡ್ ಡೀವಿಯೇಶನ್ 4ರಿಂದ 4.42ಕ್ಕೆ ಏರುತ್ತದೆ. ಮೇಲಿನ ಬ್ಯಾಂಡ್ ಈಗ 409.39, ಕೆಳಗಿನದು 391.71. ನಿಮ್ಮ 409 ಮೇಲಿನ ಗೆರೆಗಿಂತ 39 ಪೈಸೆ ಒಳಗೇ ಇದೆ. ಅದೇ 0.98. ಬ್ಯಾಂಡ್ ಅಲ್ಲಾಡದೆ ನಿಂತಿದ್ದರೆ 1.06 ಬರುತ್ತಿತ್ತು.

ಇದಕ್ಕೊಂದು ಮಿತಿಯೂ ಇದೆ. 20 ಮತ್ತು 2 ಸೆಟ್ಟಿಂಗ್‌ನಲ್ಲಿ, 19 ದಿನ ಒಂದೇ ಬೆಲೆ ಇದ್ದು 20ನೇ ದಿನ ಷೇರು ಎಷ್ಟೇ ಹಾರಲಿ, ಪರ್ಸೆಂಟ್ ಬಿ 1.59 ದಾಟುವುದಿಲ್ಲ. ಹಾಗಾಗಿ 2 ಬರಲಿ ಆಮೇಲೆ ನೋಡೋಣ ಅಂತ ಕಾಯುವುದು ಸುಮ್ನೆ.

ಹರಿಹರದ ಅಣ್ಣ ಹೇಳಿದ ವ್ಯತ್ಯಾಸ ನಿಜ. ಆದರೆ ಕಾರಣ ಅದಲ್ಲ. 19ರಿಂದ ಭಾಗಿಸಿದರೂ ಇಲ್ಲಿ 0.98ರ ಬದಲು 0.97 ಬರುತ್ತದೆ, ಅಷ್ಟೇ. ಎರಡು ಆ್ಯಪ್‌ಗಳ ನಂಬರ್ ಕೂದಲೆಳೆಯಷ್ಟು ಬೇರೆ ಬಂದಾಗ ಅವರ ಮಾತು ನೆನಪಿಟ್ಟುಕೊಳ್ಳಿ.

ಜಗಳೂರಿನವರೇ, ಅದು ಚಾನ್ಸ್ ಅಲ್ಲ, ಜಾಗ. ಕೆಳಗಿನ ಗೆರೆ 0, ಮೇಲಿನದು 1, ಮಧ್ಯ 0.5. ನಾಳೆಯ ಸುದ್ದಿ ಅದರಲ್ಲಿಲ್ಲ.

ಪ್ರಶ್ನೆ ಕೇಳಿದವರು: ಅರ್ಥ ಆಯ್ತು ಮೇಡಂ. ಆದರೆ ಹತ್ತೇ ರೂಪಾಯಿಗೆ 0.44ರಿಂದ 0.98ಕ್ಕೆ ಹಾರಿತು. ಇದೇ ಷೇರು ಚುನಾವಣೆ ಹೊತ್ತಲ್ಲಿ ಹತ್ತು ರೂಪಾಯಿ ಏರಿದಾಗ ಪರ್ಸೆಂಟ್ ಬಿ ಅಲ್ಲಾಡಿರಲಿಲ್ಲ.

ಉತ್ತರ: ಒಳ್ಳೇ ಕಣ್ಣು ನಿಮ್ಮದು. ಪರ್ಸೆಂಟ್ ಬಿ ಒಂದನ್ನೇ ನೋಡುವವರು ಎಡವುವುದು ಇಲ್ಲೇ. ನಿನ್ನೆ ಬ್ಯಾಂಡಿನ ಒಟ್ಟು ಅಗಲ 16 ರೂಪಾಯಿ. ಅದರಲ್ಲಿ 10 ಅಂದರೆ ಅರ್ಧಕ್ಕಿಂತ ಜಾಸ್ತಿ. ಬ್ಯಾಂಡ್‌ವಿಡ್ತ್ 20 ಇದ್ದಾಗ 400ರ ಷೇರಿಗೆ ಅಗಲ 80 ರೂಪಾಯಿ. ಆಗ ಅದೇ 10 ರೂಪಾಯಿ ಎಂಟನೇ ಒಂದು ಭಾಗ. ಬ್ಯಾಂಡ್ ಬಿಗಿಯಾದಷ್ಟೂ ಪರ್ಸೆಂಟ್ ಬಿ ಚಿಕ್ಕಪುಟ್ಟದ್ದಕ್ಕೆಲ್ಲ ಕುಣಿಯುತ್ತದೆ. ಅದಕ್ಕೇ ನಾನು ಮೊದಲು ಬ್ಯಾಂಡ್‌ವಿಡ್ತ್ ನೋಡಿ, ಆಮೇಲೆ ಪರ್ಸೆಂಟ್ ಬಿ ನೋಡುತ್ತೇನೆ.

4 ಅನ್ನುವುದು ಬಿಗಿಯೋ ಅಲ್ಲವೋ ಅಂತ ಬೇರೆ ಷೇರಿಗೆ ಹೋಲಿಸಿ ಹೇಳಬೇಡಿ. ದೊಡ್ಡ ಬ್ಯಾಂಕಿಗೆ 4 ಮಾಮೂಲಿ ಇರಬಹುದು, ಸಣ್ಣ ಕಂಪನಿಗೆ 15 ಕೂಡ ಬಿಗಿ ಇರಬಹುದು. ಈ ಬ್ಯಾಂಡ್ ರೂಪಿಸಿದ ಜಾನ್ ಬೊಲಿಂಜರ್ ಸ್ಕ್ವೀಜ್ ಅಂದಿದ್ದು ಆ ಷೇರಿನದೇ ಆರು ತಿಂಗಳ ಅತಿ ಕಡಿಮೆ ಬ್ಯಾಂಡ್‌ವಿಡ್ತ್‌ಗೆ. ದಿನದ ಚಾರ್ಟಿನಲ್ಲಿ ಸುಮಾರು 125 ವಹಿವಾಟು ದಿನ ಹಿಂದಕ್ಕೆ ನೋಡಿ.

ಪ್ರಶ್ನೆ ಕೇಳಿದವರು: ನೋಡಿದೆ. ಆರು ತಿಂಗಳಲ್ಲಿ ನಿನ್ನೆಯ 4 ಅತಿ ಕಡಿಮೆ. ಇವತ್ತು 4.4. ಸ್ಕ್ವೀಜ್ ಬಿಚ್ಚಿತು, ಮೇಲಕ್ಕೆ ಅಂತಲೇ ಅಲ್ವಾ?

ಉತ್ತರ: ಬಿಚ್ಚುತ್ತಿರಬಹುದು. ಆದರೆ ಮೇಲಕ್ಕೆ ಅಂತ ಬ್ಯಾಂಡ್‌ವಿಡ್ತ್ ಹೇಳಿಲ್ಲ. ಇವತ್ತು 10 ರೂಪಾಯಿ ಬಿದ್ದು 389ಕ್ಕೆ ಮುಗಿದಿದ್ದರೂ ಅದು 4.7ಕ್ಕೆ ಏರುತ್ತಿತ್ತು. ಅದಕ್ಕೆ ಏರೋದು ಇಳಿಯೋದು ಎರಡೂ ಒಂದೇ. ದಿಕ್ಕು ಬೇಕಾದರೆ ಪರ್ಸೆಂಟ್ ಬಿ ನೋಡಬೇಕು, ವಾಲ್ಯೂಮ್ ನೋಡಬೇಕು. ಸ್ಕ್ವೀಜ್ ಆದಮೇಲೆ ಬೆಲೆ ಮೊದಲು ಒಂದು ಕಡೆ ಓಡಿದಂತೆ ಮಾಡಿ, ಮತ್ತೆ ತಿರುಗಿ ಇನ್ನೊಂದು ಕಡೆ ನಿಜವಾಗಿ ಓಡುವುದೂ ಉಂಟು. ಬೊಲಿಂಜರ್ ಇದನ್ನು ಹೆಡ್ ಫೇಕ್ ಅನ್ನುತ್ತಾರೆ. ನಾನೂ ಈ ಏಟು ತಿಂದಿದ್ದೇನೆ, ಒಂದಲ್ಲ ಎರಡಲ್ಲ.

ಚಿತ್ರದುರ್ಗದಿಂದ ಒಬ್ಬರು: ಮೇಡಂ, ನನ್ನ ಮಟ್ಟಿಗೆ ನಿನ್ನೆಯ ಬ್ಯಾಂಡ್ ದಾಟಿದರೆ ಸಾಕು. ಇವತ್ತಿನ ಬೆಲೆ ಸೇರದ ಕೋಲಿನಿಂದ ಅಳೆದರೆ ದಾಟಿದ್ದು ದಾಟಿದ್ದೇ. ಎರಡು ವರ್ಷದಿಂದ ಹೀಗೇ ಮಾಡುತ್ತಿದ್ದೇನೆ.

ಉತ್ತರ: ತಪ್ಪು ಅನ್ನಲ್ಲ ಸರ್. ಕೆಲವೊಮ್ಮೆ ಮುಂಚೆಯೇ ಗೊತ್ತಾಗುತ್ತದೆ, ಸುಳ್ಳು ಕರೆಗಳೂ ಜಾಸ್ತಿ ಬರುತ್ತವೆ. ಯಾವುದನ್ನೇ ಹಿಡಿಯಿರಿ, ನಡುವೆ ಬದಲಿಸಬೇಡಿ. ನಾನು ಇವತ್ತಿನದನ್ನೇ ಹಿಡಿಯುತ್ತೇನೆ.

ಜಗಳೂರಿನವರು: ನನಗೆ ಷೇರು ಬೇಡ. ದಾವಣಗೆರೆ ಎಪಿಎಂಸಿಯ ಮೆಕ್ಕೆಜೋಳದ ದರ ದಿನಾ ಬರೆದಿಟ್ಟಿದ್ದೇನೆ. ಬ್ಯಾಂಡ್‌ವಿಡ್ತ್ 0 ಬರುತ್ತದೆ, ಪರ್ಸೆಂಟ್ ಬಿ ಜಾಗದಲ್ಲಿ ಎರರ್. ಮಾಲು ಕೊಡಲೋ ಇಡಲೋ?

ಉತ್ತರ: ಕೊಡಲೋ ಇಡಲೋ ನಾನು ಹೇಳಲಾರೆ. ಎರರ್ ಯಾಕೆ ಅಂತ ಹೇಳಬಲ್ಲೆ. ರಜೆ ದಿನ, ಆವಕ ಇಲ್ಲದ ದಿನ ಹಿಂದಿನ ದರವನ್ನೇ ಮತ್ತೆ ಬರೆದಿದ್ದೀರಾ? 20 ಸಾಲಿನಲ್ಲೂ ಒಂದೇ ದರ ಇದ್ದರೆ ಅಗಲ ಸೊನ್ನೆ. ಸೊನ್ನೆಯಿಂದ ಭಾಗಿಸಲು ಆಗಲ್ಲವಲ್ಲ. ಅದು ಸ್ಕ್ವೀಜ್ ಅಲ್ಲ, ವ್ಯಾಪಾರವೇ ನಡೆದಿಲ್ಲ. ಹರಾಜು ನಡೆದ ದಿನಗಳನ್ನು ಮಾತ್ರ ಇಟ್ಟುಕೊಳ್ಳಿ. ಹಸಿ ಮಾಲಿನ ದರ, ಒಣಗಿದ ಮಾಲಿನ ದರ ಒಂದೇ ಸಾಲಿಗೆ ಸೇರಿಸಬೇಡಿ. ಸೇರಿಸಿದರೆ ಬ್ಯಾಂಡ್ ಅಳೆಯುವುದು ತೇವಾಂಶವನ್ನ, ಮಾರುಕಟ್ಟೆಯನ್ನಲ್ಲ.

ಪ್ರಶ್ನೆ ಕೇಳಿದವರು (ಮರುದಿನ): ಇವತ್ತು 401ಕ್ಕೆ ಮುಗಿಯಿತು ಮೇಡಂ. ಪರ್ಸೆಂಟ್ ಬಿ 0.53. ಬ್ಯಾಂಡ್‌ವಿಡ್ತ್ ಮಾತ್ರ 4.4ರಲ್ಲೇ ನಿಂತಿದೆ. ನಾನು ಕೊಂಡಿರಲಿಲ್ಲ, ಬಚಾವ್.

ಉತ್ತರ: ಇದು ಹೆಡ್ ಫೇಕೋ, ಸುಮ್ನೆ ಒಂದು ದಿನದ ಗದ್ದಲವೋ ಈಗಲೇ ಹೇಳಲು ಬರಲ್ಲ. ಬ್ಯಾಂಡ್‌ವಿಡ್ತ್ ಇಳಿಯದಿರುವುದು ಆ 409ರಿಂದ. ಅದು ಇನ್ನೂ 18 ವಹಿವಾಟು ದಿನ ಪಟ್ಟಿಯಲ್ಲೇ ಇರುತ್ತದೆ. ಅಷ್ಟರಲ್ಲಿ ಬೇರೆ ದೊಡ್ಡ ಏರಿಳಿತ ಇಲ್ಲದಿದ್ದರೆ, ಅದು ಹೊರಬೀಳುವ ದಿನ ಬ್ಯಾಂಡ್‌ವಿಡ್ತ್ ಒಮ್ಮೆಲೇ ಕುಸಿಯುತ್ತದೆ. ಸ್ಕ್ರೀನ್ ಮತ್ತೆ ಸ್ಕ್ವೀಜ್ ಅನ್ನಬಹುದು. ಅವತ್ತು ಷೇರಿಗೆ ಏನೂ ಆಗಿರುವುದಿಲ್ಲ. ಆ ತಾರೀಕು ಈಗಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.