ರಶ್ಮಿ, ಬೇಕರಿಯವರು ಆ ಇಮೇಲ್‌ಗೆ ಯಾಕೆ ಉತ್ತರ ಕೊಡಲಿಲ್ಲ ಅಂದ್ರೆ

"ಚಿಕ್ಕಮ್ಮ, ಕೇಕ್ ಬಾಕ್ಸ್ ಮಾರೋಕೆ 120 ಬೇಕರಿಗೆ ಇಮೇಲ್ ಕಳ್ಸಿದೆ. ಒಬ್ರೂ ಉತ್ತರ ಕೊಟ್ಟಿಲ್ಲ. ನೀವೇ ಬೇಕರಿ ನಡೆಸ್ತೀರಲ್ಲ, ಏನು ಬರೆದ್ರೆ ಓದ್ತೀರಾ?"

ರಶ್ಮಿ ಪುಟ್ಟ, ನೀನು ಕಳಿಸಿದ ಇಮೇಲ್ ಈಗ ಮಧ್ಯಾಹ್ನ ಅಂಗಡಿ ಖಾಲಿ ಇದ್ದಾಗ ಎರಡು ಸಲ ಓದಿದೆ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಕೇಳಿಸಿಕೋ.

ಮೊದಲು ಆ ಇಮೇಲ್ ಯಾರ ಕೈಗೆ ಹೋಯಿತು ಅಂತ ನೋಡು. ನಮ್ಮ ಅಂಗಡಿ ಹೆಸರಲ್ಲಿರುವ ಇಮೇಲ್ ಐಡಿ ಮಾಡಿದ್ದು ಲೈಸೆನ್ಸ್ ಅರ್ಜಿ ಹಾಕುವಾಗ, ಅದೂ ನನ್ನ ಮಗ. ಪಾಸ್‌ವರ್ಡ್ ಅವನ ಹತ್ತಿರ ಇದೆ. ನಾನು ತೆರೆಯುವುದೇ ಇಲ್ಲ. ಪಕ್ಕದ ಬೀದಿಯ ಬೇಕರಿಯವರದ್ದು ಇನ್ನೂ ಬೇರೆ, ಅವರ ಜಿಎಸ್‌ಟಿ ದಾಖಲೆಯಲ್ಲಿ ಇರುವುದು ಲೆಕ್ಕ ಬರೆಯುವವರ ಐಡಿ. ಪಟ್ಟಿಯಿಂದ ಎತ್ತಿಕೊಂಡ ಐಡಿಗಳಲ್ಲಿ ಇಂಥವು ಎಷ್ಟಿವೆಯೋ. ಅದಕ್ಕೇ ಮೊದಲು ಅಂಗಡಿಗೆ ಒಂದು ಫೋನ್ ಮಾಡಿ, "ಬಾಕ್ಸ್ ರೇಟು ಕಳಿಸಬೇಕಿತ್ತು, ನೀವೇ ನೋಡುವ ಇಮೇಲ್ ಯಾವುದು" ಅಂತ ಕೇಳು. ಕೆಲವರು "ವಾಟ್ಸ್ಆ್ಯಪ್‌ಗೆ ಹಾಕಮ್ಮ" ಅನ್ನುತ್ತಾರೆ, ಹಾಗಂದರೆ ನಾನು ಕೆಳಗೆ ಬರೆದು ತೋರಿಸುವ ನಾಲ್ಕು ಸಾಲನ್ನೇ ಅಲ್ಲಿಗೆ ಹಾಕು. 120 ಜನಕ್ಕೆ ಒಂದೇ ಪತ್ರ, ಜೊತೆಗೆ ಲೋಗೋ, ಫೋಟೋ, ಮೂರು ಲಿಂಕ್, ಇಷ್ಟು ಇದ್ದರೆ ಅದು ಪ್ರಮೋಷನ್ಸ್‌ಗೋ ಸ್ಪ್ಯಾಮ್‌ಗೋ ಹೋಗುವುದೇ ಜಾಸ್ತಿ. ಒಬ್ಬೊಬ್ಬರಿಗೆ ಬೇರೆ ಬೇರೆ ಬರೆದು ಕಳಿಸು. ಫೋಟೋ ಬೇಡ, ಲಿಂಕ್ ಬೇಡ.

ಇನ್ನು ನೀನು ಬರೆದಿರುವುದು. ಬೆಳಗ್ಗೆ ನಾಲ್ಕೂವರೆಗೆ ಓವನ್ ಹಚ್ಚಿದವಳು ನಾನು, ಕೈಯಲ್ಲಿ ಮೈದಾ ಇರುತ್ತದೆ, ಫೋನ್ ಮೇಲೆ ವಿಷಯದ ಸಾಲು, ಅದರ ಕೆಳಗೆ ಅರ್ಧ ಸಾಲು ಕಾಣುತ್ತದೆ, ಅಷ್ಟೇ. ನಿನ್ನದರಲ್ಲಿ ಅಲ್ಲಿ ಕಂಡಿದ್ದು "ನಿಮ್ಮ ವ್ಯಾಪಾರದ ಬೆಳವಣಿಗೆಗೆ" ಮತ್ತು "ಮಾನ್ಯರೇ, ನಮ್ಮ ಸಂಸ್ಥೆಯು". ಬಾಕ್ಸ್ ಅನ್ನುವ ಪದ ಬಂದಿದ್ದು ಮೂರನೇ ಪ್ಯಾರಾದಲ್ಲಿ! ನನಗೆ ಬೇಕಾದ್ದು ನಾಲ್ಕೇ ವಿಷಯ: ಯಾವ ಸೈಜು, ಎಷ್ಟು ರೇಟು, ಕನಿಷ್ಠ ಎಷ್ಟು ತಗೋಬೇಕು, ಅಂಗಡಿಗೆ ತಂದು ಕೊಡುತ್ತೀರಾ. ಅದರಲ್ಲಿ ಮೂರು ಇಲ್ಲವೇ ಇಲ್ಲ, ಕನಿಷ್ಠ ಎಷ್ಟು ಅನ್ನುವುದು ಮಾತ್ರ ಎಲ್ಲೋ ಕೊನೆಯಲ್ಲಿದೆ. "ಆಕರ್ಷಕ ದರ" ಅಂತ ಇದೆ. ದರ ಬರೆಯದೆ ಇದ್ದರೆ ಅಂಗಡಿಯವರಿಗೆ ಅನ್ನಿಸುವುದು ಒಂದೇ, ಇದು ಜಾಸ್ತಿ ಇರಬೇಕು ಅಂತ. ಕೊನೆಗೆ ಅರ್ಧ ಗಂಟೆ ವಿಡಿಯೋ ಕಾಲ್‌ಗೆ ಸಮಯ ಕೇಳಿದ್ದೀಯಾ. ಗೊತ್ತಿಲ್ಲದವರಿಗೆ ಅರ್ಧ ಗಂಟೆ ಕೊಡುವುದಕ್ಕೆ ನಮಗೆ ಆಗುವುದಿಲ್ಲ, ಪುಟ್ಟ.

ಆದರೆ ಇದೆಲ್ಲಕ್ಕಿಂತ ದೊಡ್ಡ ತೊಡಕು ಬೇರೆ ಇದೆ, ಅದು ನಿನ್ನ ಇಮೇಲ್‌ನ ಕೊನೆಯಲ್ಲಿ ಸಣ್ಣಕ್ಷರದಲ್ಲಿದೆ: ಕನಿಷ್ಠ 5000. ನನ್ನ ಲೆಕ್ಕ ಹೇಳುತ್ತೇನೆ. ಅರ್ಧ ಕೆಜಿ ಕೇಕ್ ದಿನಕ್ಕೆ ಸುಮಾರು 15 ಹೋಗುತ್ತದೆ. 5000 ಬಾಕ್ಸ್ ಅಂದರೆ 333 ದಿನ, ಹತ್ತಿರ ಹತ್ತಿರ ಹನ್ನೊಂದು ತಿಂಗಳಿಗೆ ಆಗುವಷ್ಟು. ಅದನ್ನು ಎಲ್ಲಿ ಇಡಲಿ? ಅಟ್ಟದ ಮೇಲೆ ಇಟ್ಟರೆ ಮಳೆಗಾಲದಲ್ಲಿ ರಟ್ಟು ತೇವ ಹೀರಿ ಮೆತ್ತಗಾಗುತ್ತದೆ, ಕೇಕ್ ಇಟ್ಟು ಎತ್ತಿದರೆ ತಳ ಬಾಗುತ್ತದೆ. ದುಡ್ಡೂ ಅಷ್ಟು ದಿನ ಅಲ್ಲೇ ಕೂತಿರುತ್ತದೆ. ಒಂದು ಸಲ ಒಬ್ಬ ಪೂರೈಕೆದಾರರ ಮಾತು ಕೇಳಿ 3000 ಪ್ರಿಂಟ್ ಮಾಡಿಸಿದ್ದೆ, ಆರು ತಿಂಗಳಿಗೆ ಅಂಗಡಿ ಫೋನ್ ನಂಬರ್ ಬದಲಾಯಿತು, ಉಳಿದ ಬಾಕ್ಸ್ ಎಲ್ಲದರ ಮೇಲೂ ಕೂತು ಪೆನ್ನಲ್ಲಿ ಹೊಡೆದು ಹೊಸ ನಂಬರ್ ಬರೆದೆವು. ಅವತ್ತಿನಿಂದ ಬಿಳಿ ಬಾಕ್ಸೇ ತರುವುದು.

ಪ್ರಿಂಟ್ ಆದರೆ ಪ್ಲೇಟ್ ಖರ್ಚು ಇರುತ್ತದೆ, ಕಡಿಮೆ ಮಾಡಿದರೆ ನಿನಗೆ ಗಿಟ್ಟುವುದಿಲ್ಲ, ನನಗೆ ಅರ್ಥವಾಗುತ್ತದೆ. ಆದರೆ ನೀನೇ ಹೋದ ವಾರ ಹೇಳಿದೆಯಲ್ಲ, ಬಿಳಿ ಬಾಕ್ಸ್ ಮೇಲೆ ಅಂಗಡಿ ಹೆಸರಿನ ಸ್ಟಿಕ್ಕರ್ ಅಂಟಿಸಿ 200 ಆದರೂ ಕೊಡಬಹುದು, ಒಂದಕ್ಕೆ 13 ರೂಪಾಯಿ ಬೀಳುತ್ತದೆ ಅಂತ. ಅದನ್ನೇ ಯಾಕೆ ಬರೆಯಲಿಲ್ಲ? 200 ಅಂದರೆ ನನಗೆ ಎರಡು ವಾರವೂ ಬರುವುದಿಲ್ಲ, ಚೆನ್ನಾಗಿಲ್ಲದಿದ್ದರೆ ಕಳೆದುಕೊಳ್ಳುವುದು 2600 ರೂಪಾಯಿ. ಅಷ್ಟಕ್ಕೆ ನಾನು ಒಂದು ಸಲ ನೋಡೋಣ ಅನ್ನುತ್ತೇನೆ.

ಹಾಗಾದರೆ ನಾನು ನೀನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ವಿಷಯದ ಸಾಲಿಗೆ "ಅರ್ಧ ಕೆಜಿ ಕೇಕ್ ಬಾಕ್ಸ್, ನಿಮ್ಮ ಹೆಸರಿನಲ್ಲಿ, 200ರಿಂದ". ಒಳಗೆ:

"ನಮಸ್ಕಾರ. ಶನಿವಾರ ನಿಮ್ಮಲ್ಲಿ ಅರ್ಧ ಕೆಜಿ ಪೈನಾಪಲ್ ಕೇಕ್ ತಗೊಂಡೆ, ಬಾಕ್ಸ್ ಮೇಲೆ ನಿಮ್ಮ ಅಂಗಡಿ ಹೆಸರು ಇರಲಿಲ್ಲ. 8 ಇಂಚು ಚೌಕ, 5 ಇಂಚು ಎತ್ತರದ ಬಿಳಿ ಬಾಕ್ಸ್‌ಗೆ ನಿಮ್ಮ ಹೆಸರು, ಫೋನ್ ನಂಬರ್ ಇರುವ ಸ್ಟಿಕ್ಕರ್ ಅಂಟಿಸಿ ಕೊಡುತ್ತೇನೆ, 200 ತಗೊಂಡರೆ ಸಾಕು. ಒಂದಕ್ಕೆ 13 ರೂಪಾಯಿ, ಜಿಎಸ್‌ಟಿ ಸೇರಿ, ಅಂಗಡಿಗೆ ತಂದು ಕೊಡುವುದೂ ಸೇರಿ. ನೋಡುವುದಕ್ಕೆ 5 ಬಾಕ್ಸ್ ಕಳಿಸಲಾ?"

ಕೆಳಗೆ ನಿನ್ನ ಹೆಸರು, ಏರಿಯಾ, ಫೋನ್ ನಂಬರ್. ಮುಗಿಯಿತು.

ಮೊದಲ ಸಾಲು ಅವರ ಅಂಗಡಿಯದ್ದು, ಎರಡನೆಯದು ಸಾಮಾನು, ಮೂರನೆಯದು ದುಡ್ಡು, ನಾಲ್ಕನೆಯದು "ಹೂಂ" ಅಥವಾ "ಬೇಡ" ಅಂತ ಒಂದೇ ಪದದಲ್ಲಿ ಉತ್ತರ ಕೊಡಬಹುದಾದ ಪ್ರಶ್ನೆ. ಇದರಲ್ಲಿ ಮೊದಲ ಸಾಲಿನ ಬಗ್ಗೆ ಮಾತ್ರ ತುಂಬಾ ಹುಷಾರಾಗಿರು, ಅದು ನಿಜವೇ ಆಗಿರಬೇಕು. ಕೇಕ್ ತಗೊಂಡಿಲ್ಲದಿದ್ದರೆ ತಗೊಂಡೆ ಅಂತ ಬರೆಯಬೇಡ. ನಾವು ಶನಿವಾರ ಪೈನಾಪಲ್ ಮಾಡಿಯೇ ಇಲ್ಲದಿದ್ದರೆ ಅಲ್ಲೇ ಗೊತ್ತಾಗುತ್ತದೆ, ಆಮೇಲೆ 13 ರೂಪಾಯಿಯನ್ನೂ ನಂಬುವುದಿಲ್ಲ. ಹೋಗಲಿಕ್ಕೆ ಆಗದಿದ್ದರೆ ಗೂಗಲ್ ಮ್ಯಾಪ್ಸ್‌ನಲ್ಲಿ ಗಿರಾಕಿಗಳು ಹಾಕಿದ ಫೋಟೋ ನೋಡು, "ಮ್ಯಾಪ್‌ನಲ್ಲಿ ನಿಮ್ಮ ಕೇಕ್ ಫೋಟೋ ನೋಡಿದೆ" ಅಂತಲೇ ಬರೆ. ಈಗಾಗಲೇ ಹೆಸರಿನ ಬಾಕ್ಸ್ ಇಟ್ಟಿರುವವರಿಗೆ ಈ ಪತ್ರ ಕಳಿಸಲೇಬೇಡ. ಪೇಪರ್ ಬ್ಯಾಗ್, ಕೇಕ್ ಬೋರ್ಡ್, ಪೇಸ್ಟ್ರಿ ಕಪ್, ಇವೆಲ್ಲ ನಿನ್ನ ಹತ್ತಿರ ಇದೆ ಅಂತ ಗೊತ್ತು, ಆದರೆ ಮೊದಲ ಪತ್ರದಲ್ಲಿ ಒಂದೇ ಸಾಮಾನು ಇರಲಿ.

ಸಮಯ ಅಂದರೆ ಮಂಗಳವಾರ, ಬುಧವಾರ, ಮಧ್ಯಾಹ್ನ ಎರಡೂವರೆಯಿಂದ ನಾಲ್ಕರ ಒಳಗೆ. ನಾಲ್ಕರ ಮೇಲೆ ಪಫ್‌ಗೆ ಜನ ಬರುತ್ತಾರೆ. ಕ್ರಿಸ್‌ಮಸ್, ಹೊಸ ವರ್ಷದ ಬಾಕ್ಸ್‌ಗೆ ನಾವು ನವೆಂಬರ್‌ನಲ್ಲೇ ಹೇಳಿಬಿಡುತ್ತೇವೆ, ಡಿಸೆಂಬರ್ 20ಕ್ಕೆ ಕಳಿಸಿದರೆ ಯಾರೂ ತೆರೆಯುವುದಿಲ್ಲ. ಉತ್ತರ ಬರದಿದ್ದರೆ ಐದು ದಿನ ಬಿಟ್ಟು ಅದೇ ಪತ್ರದ ಕೆಳಗೆ ಎರಡು ಸಾಲು, "ಬುಧವಾರ ಮೂರು ಗಂಟೆಗೆ ಆ ಕಡೆ ಬರುತ್ತೇನೆ, 5 ಬಾಕ್ಸ್ ಕೊಟ್ಟು ಹೋಗಲಾ" ಅಂತ. ಆಮೇಲೂ ಸುಮ್ಮನಿದ್ದರೆ ಬಿಟ್ಟುಬಿಡು. ಚೆನ್ನಾಗಿ ಬರೆದರೂ ತುಂಬಾ ಜನ ಉತ್ತರ ಕೊಡುವುದಿಲ್ಲ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಯಾರಾದರೂ ಬರೀ "1 ಕೆಜಿದು ಎಷ್ಟು?" ಅಂತ ಬರೆದರೆ, ಅದು ಬೇಕು ಅಂತಲೇ ಅರ್ಥ. ಆಗ ಕ್ಯಾಟಲಾಗ್ ಕಳಿಸಬೇಡ, ಸುಮ್ನೆ ರೇಟು ಬರೆ, ಅದೇ ಗಂಟೆಯಲ್ಲಿ.

120 ಬೇಡ, ಈ ವಾರ ಹತ್ತು ಅಂಗಡಿ ಆರಿಸಿಕೋ. ಹತ್ತಕ್ಕೂ ಮೊದಲ ಸಾಲು ಬರೆದು ನನಗೆ ಕಳಿಸು, ನಾಳೆ ಮೂರು ಗಂಟೆಗೆ ನೋಡಿ ಹೇಳುತ್ತೇನೆ. ಹಾಂ, ನನಗೂ ಅರ್ಧ ಕೆಜಿದು 200 ಬಾಕ್ಸ್ ಬೇಕು, ಸ್ಟಿಕ್ಕರ್ ಮೇಲೆ ಹೊಸ ನಂಬರ್ ಹಾಕಿಸು.